ಮೆಟ್ರೋ ಕಾರ್ಡ್ ಒಂದು ಕಳೆದಿದೆ, ಒಂದು ಸೀಳಿದೆ. ಒಳಗಿನ ದುಡ್ಡು ವಾಪಸ್ ಬರುತ್ತಾ?

ನಿಟುವಳ್ಳಿಯವಳು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಬೆಂಗಳೂರಿನ ಮೆಟ್ರೋ ವಿಷಯ ಇಲ್ಲಿ ಕೇಳಬೇಕಾಗಿ ಬಂದಿದೆ, ಏಕೆಂದರೆ ನಮ್ಮೂರಿನ ಅರ್ಧ ಮನೆಗಳಲ್ಲಿ ಯಾರಾದರೂ ಒಬ್ಬರು ಅಲ್ಲಿ ಕೆಲಸಕ್ಕೋ ಓದಿಗೋ ಇದ್ದೇ ಇರುತ್ತಾರೆ.

ನನ್ನ ತಂಗಿ ನಾಗಸಂದ್ರದ ಹತ್ತಿರ ಇದ್ದಾಳೆ. ದಿನಾ ಮೆಟ್ರೋದಲ್ಲಿ ಜಯನಗರಕ್ಕೆ ಹೋಗುತ್ತಾಳೆ. ಅವಳದ್ದು ರೂಪೇ ಗುರುತು ಇರುವ ಎನ್‌ಸಿಎಂಸಿ ಕಾರ್ಡ್. ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಬರುವಾಗ ಚಿಕ್ಕ ಪೌಚ್ ಎಲ್ಲೋ ಬಿದ್ದಿದೆ. ಬೀರೂರು ದಾಟಿದ ಮೇಲೆ ಗೊತ್ತಾಯಿತು. ಕೊನೆಯ ಸಲ ಗೇಟಿನಿಂದ ಹೊರಗೆ ಬಂದಾಗ ಪರದೆಯಲ್ಲಿ 420 ರೂಪಾಯಿ ತೋರಿಸಿತ್ತಂತೆ. ಅವತ್ತೇ ಸಂಜೆ ಮೊಬೈಲಿನಿಂದ ಇನ್ನೂ 500 ಹಾಕಿದ್ದಾಳೆ. ಅದಾದ ಮೇಲೆ ಕಾರ್ಡನ್ನು ಎಲ್ಲೂ ಮುಟ್ಟಿಸಿಲ್ಲ. ಅಂದರೆ ಒಟ್ಟು 920. ರೈಲಿನಲ್ಲೇ ಫೋನ್ ಮಾಡಿ ಬ್ಲಾಕ್ ಮಾಡಿಸಿದ್ದಾಳೆ.

ಇನ್ನೊಂದು ಅಪ್ಪನ ಕಾರ್ಡ್. ಹಳೇ ಥರದ್ದು, ಬ್ಯಾಂಕಿನ ಹೆಸರು ಗಿಸರು ಏನೂ ಇಲ್ಲ. ಆಸ್ಪತ್ರೆಗೆ ಅಂತ ಬೆಂಗಳೂರಿಗೆ ಹೋದಾಗ ಉಪಯೋಗಿಸುತ್ತಾರೆ. ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿನಲ್ಲೇ ಇಟ್ಟು ಬಸ್ಸಿನಲ್ಲಿ ಕೂತು ಕೂತು ಒಂದು ಮೂಲೆಯಿಂದ ಸೀಳು ಬಿಟ್ಟಿದೆ. ಗೇಟ್ ತೆಗೆಯುತ್ತಿಲ್ಲ. ಒಳಗೆ ಮುನ್ನೂರರ ಆಸುಪಾಸು ಇರಬೇಕು.

ಎರಡರಲ್ಲೂ ದುಡ್ಡು ವಾಪಸ್ ಬರುತ್ತಾ? ಇಲ್ಲಿಂದಲೇ ಏನಾದರೂ ಮಾಡಬಹುದಾ, ಅಥವಾ ಬೆಂಗಳೂರಿಗೇ ಹೋಗಬೇಕಾ?

ಪಿಜೆ ಬಡಾವಣೆ

ಮೇಡಂ, ನಾನು ಬ್ಯಾಂಕಿನಲ್ಲಿ ಇದ್ದೇನೆ. ಚಿಂತೆ ಮಾಡಬೇಡಿ. ಬ್ಲಾಕ್ ಮಾಡಿಸಿದ್ದು ಒಳ್ಳೆಯದಾಯಿತು. ಡೆಬಿಟ್ ಕಾರ್ಡ್ ಕಳೆದರೆ ಹೇಗೋ ಹಾಗೇ ಇದೂ. ಹೊಸ ಕಾರ್ಡಿಗೆ ಅರ್ಜಿ ಹಾಕಿ, 920 ಪೂರ್ತಿ ಅದಕ್ಕೆ ಬರುತ್ತದೆ. ಕಾರ್ಡ್ ಹೋದರೂ ದುಡ್ಡು ಖಾತೆಯಲ್ಲೇ ಇರುತ್ತದೆ ಅಲ್ವಾ.

ಹಳೇ ಕಾರ್ಡಿನ ಬಗ್ಗೆ ಮೆಟ್ರೋದವರನ್ನೇ ಕೇಳಬೇಕು.

ಹಿರಿಯೂರು ಬಸ್‌ಸ್ಟಾಂಡ್

ನನ್ನದೂ ಇದೇ ಕಥೆ. ಗೊರಗುಂಟೆಪಾಳ್ಯದಲ್ಲಿ ಬಸ್ ಇಳಿದು ಮೆಟ್ರೋಗೆ ಹೋದರೆ ಕಾರ್ಡ್ ತಗೊಳ್ಳಲೇ ಇಲ್ಲ. ಮೂರು ತಿಂಗಳ ಹಿಂದೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಳಗೆ 70 ರೂಪಾಯಿ ಇದೆ. ಇದೂ ಕೆಟ್ಟಿರುವ ಕಾರ್ಡ್ ಅಂತ ಕೊಟ್ಟು ಬೇರೆ ತಗೊಳ್ಳಬಹುದಾ?

ಚಳ್ಳಕೆರೆ ಹುಡುಗ

ಹಿರಿಯೂರಣ್ಣ, ನಿಮ್ಮ ಕಾರ್ಡ್ ಕೆಟ್ಟಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿದಾಗ ಗರಿಷ್ಠ ಟಿಕೆಟ್ 60ರಿಂದ 90 ಆಯಿತು. ಆಗ ಸ್ಮಾರ್ಟ್ ಕಾರ್ಡಿನಲ್ಲಿ ಇರಲೇಬೇಕಾದ ಮೊತ್ತವನ್ನೂ 90 ಮಾಡಿದರು. 70 ಇದ್ದರೆ ಗೇಟ್ ತೆಗೆಯುವುದಿಲ್ಲ. ನೂರು ರೂಪಾಯಿ ಹಾಕಿಸಿ, ಸರಿಹೋಗುತ್ತದೆ.

ನಿಟುವಳ್ಳಿ ಅಕ್ಕ, ನಾನು ಕೆಲವು ವರ್ಷ ಈ ಗೇಟ್ ಯಂತ್ರಗಳ ರಿಪೇರಿ ಕೆಲಸದಲ್ಲಿದ್ದೆ. ಪಿಜೆ ಬಡಾವಣೆ ಸರ್ ಹೇಳಿದ್ದು ಅರ್ಧ ಸರಿ. 500 ವಾಪಸ್ ಸಿಗುವ ಸಾಧ್ಯತೆ ಚೆನ್ನಾಗಿದೆ. 420ರ ಆಸೆ ಇಟ್ಟುಕೊಳ್ಳಬೇಡಿ. ಏಕೆ ಅಂತ ಹೇಳುತ್ತೇನೆ.

ಎನ್‌ಸಿಎಂಸಿ ಕಾರ್ಡಿನ ದುಡ್ಡು ಎರಡು ಕಡೆ ಇರುತ್ತದೆ. ಒಂದು ಬ್ಯಾಂಕಿನ ಕಂಪ್ಯೂಟರಿನಲ್ಲಿ. ಇನ್ನೊಂದು ಕಾರ್ಡಿನ ಚಿಪ್ಪಿನಲ್ಲೇ. ಗೇಟಿಗೆ ಮುಟ್ಟಿಸಿದಾಗ ಗೇಟ್ ಬ್ಯಾಂಕನ್ನು ಕೇಳುವುದಿಲ್ಲ. ಕೇಳುತ್ತಾ ನಿಂತರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಜನ ಮೆಟ್ಟಿಲವರೆಗೂ ನಿಲ್ಲಬೇಕಾಗುತ್ತದೆ. ಅದು ನೇರವಾಗಿ ಚಿಪ್ಪಿನಿಂದ ದುಡ್ಡು ಕಡಿದು ಬಾಗಿಲು ತೆಗೆಯುತ್ತದೆ. ಲೆಕ್ಕ ಬ್ಯಾಂಕಿಗೆ ಆಮೇಲೆ ಹೋಗುತ್ತದೆ. ಪಿನ್ ಇಲ್ಲ, ಓಟಿಪಿ ಇಲ್ಲ. ಹಾಗಾಗಿ ಚಿಪ್ಪಿನೊಳಗಿನ 420 ಜೇಬಿನಲ್ಲಿದ್ದ ನೋಟಿನಂತೆ. ಯಾರ ಕೈಗೆ ಸಿಕ್ಕಿತೋ ಅವರು ಉಪಯೋಗಿಸಬಹುದು.

ಮೊಬೈಲಿನಿಂದ ಹಾಕಿದ 500 ಬೇರೆ. ಅದು ತಕ್ಷಣ ಚಿಪ್ಪಿಗೆ ಹೋಗಿರುವುದಿಲ್ಲ. ಕಾರ್ಡನ್ನು ನಿಲ್ದಾಣದ ಯಂತ್ರಕ್ಕೋ ಕೌಂಟರಿನವರಿಗೋ ಕೊಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಿದಾಗ ಮಾತ್ರ ಹೋಗುತ್ತದೆ. ನಿಮ್ಮ ತಂಗಿ ಅದನ್ನು ಮಾಡಿಸಿಲ್ಲ. ಅಂದರೆ ಆ 500 ಇನ್ನೂ ಬ್ಯಾಂಕಿನ ಲೆಕ್ಕದಲ್ಲೇ ಕೂತಿದೆ.

ಬ್ಲಾಕ್ ಮಾಡಿಸಿದ ಉಪಯೋಗ ಅಲ್ಲೇ ಇರುವುದು. ಹೊರಗಿನ ದುಡ್ಡನ್ನು ಚಿಪ್ಪಿಗೆ ಇಳಿಸುವಾಗ ಯಂತ್ರ ಬ್ಯಾಂಕನ್ನು ಕೇಳಲೇಬೇಕು. ಬ್ಲಾಕ್ ಆಗಿದ್ದರೆ ಬ್ಯಾಂಕ್ ಆಗುವುದಿಲ್ಲ ಅನ್ನುತ್ತದೆ. ಬ್ಲಾಕ್ ಮಾಡಿಸುವ ಮೊದಲೇ ಕಾರ್ಡ್ ಸಿಕ್ಕವರು ಯಾವುದಾದರೂ ನಿಲ್ದಾಣದಲ್ಲಿ ಅಪ್‌ಡೇಟ್ ಮಾಡಿಬಿಟ್ಟಿದ್ದರೆ 500 ಕೂಡ ಚಿಪ್ಪಿಗೆ ಇಳಿದಿರುತ್ತಿತ್ತು. ನಿಮ್ಮ ತಂಗಿ ರೈಲಿನಿಂದಲೇ ಫೋನ್ ಮಾಡಿದ್ದು ಅದಕ್ಕೇ ಒಳ್ಳೆಯದಾಯಿತು.

ಪಿಜೆ ಬಡಾವಣೆ

ಚಿಪ್ಪಿನ ದುಡ್ಡು ಬೇರೆ ಅನ್ನುವುದು ಒಪ್ಪಿದೆ. ಡೆಬಿಟ್ ಕಾರ್ಡಿನ ಅಭ್ಯಾಸದಲ್ಲಿ ಬರೆದೆ. ಆದರೆ ಒಂದು ಮಾತು. ಎಷ್ಟು ಖರ್ಚಾಗಿದೆ ಅನ್ನುವ ಲೆಕ್ಕ ಕೊನೆಗೆ ಬ್ಯಾಂಕಿಗೆ ಬಂದೇ ಬರುತ್ತದೆ. ಹಾಗಾದರೆ 420ರಲ್ಲಿ ಯಾರೂ ಮುಟ್ಟದೆ ಉಳಿದದ್ದು ಎಷ್ಟು ಅಂತ ಬ್ಯಾಂಕಿಗೆ ಗೊತ್ತಿರುತ್ತದೆ. ಅದನ್ನು ಏಕೆ ಕೊಡಬಾರದು?

ಚಳ್ಳಕೆರೆ ಹುಡುಗ

ಸರ್, ಇವತ್ತು ಗೊತ್ತಿರುತ್ತದೆ. ನಾಳೆ? ಕಾರ್ಡ್ ಇನ್ನೂ ಎಲ್ಲೋ ಇದೆ. ಎನ್‌ಸಿಎಂಸಿ ಬೆಂಗಳೂರಿನಲ್ಲಿ ಮಾತ್ರ ನಡೆಯುವುದಲ್ಲ, ದೆಹಲಿ, ಚೆನ್ನೈ ಮೆಟ್ರೋಗಳಲ್ಲೂ ನಡೆಯುತ್ತದೆ. ಬ್ಯಾಂಕ್ ಇವತ್ತು ನಿಮಗೆ 420 ಕೊಟ್ಟು, ಮುಂದಿನ ತಿಂಗಳು ಯಾರೋ ಅದೇ 420 ಖರ್ಚು ಮಾಡಿದರೆ ಬ್ಯಾಂಕ್ ಎರಡು ಸಲ ಕೊಟ್ಟಂತಾಗುತ್ತದೆ. ಅದಕ್ಕೇ ಕಳೆದ ಕಾರ್ಡಿನ ಚಿಪ್ಪಿನ ಹಣಕ್ಕೆ ಬ್ಯಾಂಕ್ ಹೊಣೆಯಲ್ಲ ಅಂತ ನಿಯಮಗಳಲ್ಲಿ ಬರೆದಿಡುತ್ತಾರೆ.

ಒಡೆದ ಕಾರ್ಡಿನಲ್ಲಿ ಆ ಭಯ ಇಲ್ಲ. ಕಾರ್ಡ್ ಅವರ ಕೈಗೇ ಕೊಡುತ್ತೀರಿ. ಮತ್ತೆ ಯಾರೂ ಅದನ್ನು ಗೇಟಿಗೆ ಮುಟ್ಟಿಸಲು ಆಗುವುದಿಲ್ಲ. ಅದಕ್ಕೇ ನಿಮ್ಮ ಅಪ್ಪನ ಕಾರ್ಡ್ ಎಷ್ಟೇ ಸೀಳಿದ್ದರೂ ಬಿಸಾಡಬೇಡಿ ಅಕ್ಕ. ಎರಡು ತುಂಡಾದರೆ ಎರಡನ್ನೂ ಇಟ್ಟುಕೊಳ್ಳಿ. ಆ ತುಂಡುಗಳೇ ನಿಮ್ಮ ಸಾಕ್ಷಿ.

ಹೊಳಲ್ಕೆರೆ ಮೇಷ್ಟ್ರು

ನನ್ನ ಮಗನದ್ದು ಬ್ಯಾಂಕ್ ಡೆಬಿಟ್ ಕಾರ್ಡೇ ಮೆಟ್ರೋಗೂ ಆಗುತ್ತದೆ. ಅದು ಕಳೆದರೆ ಅವನ ಸಂಬಳದ ಖಾತೆಯೆಲ್ಲ ಬರಿದಾಗುತ್ತದಾ? ಕಳೆದ ವಾರ ಅವನು ಒಂದು ದಿನ ಪೂರ್ತಿ ಕಾರ್ಡ್ ಎಲ್ಲೋ ಬಿಟ್ಟಿದ್ದ. ಆಮೇಲೆ ಸಿಕ್ಕಿತು. ನನಗಂತೂ ರಾತ್ರಿ ನಿದ್ದೆ ಬರಲಿಲ್ಲ.

ಪಿಜೆ ಬಡಾವಣೆ

ಮೇಷ್ಟ್ರೇ, ಇದು ನನ್ನ ಕೆಲಸದ ವಿಷಯ, ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ಮೆಟ್ರೋ ಗೇಟಿನಿಂದ ಖಾತೆ ಬರಿದಾಗುವುದಿಲ್ಲ. ಗೇಟ್ ಚಿಪ್ಪಿನಲ್ಲಿ ಹಾಕಿಟ್ಟ ದುಡ್ಡನ್ನು ಮಾತ್ರ ಮುಟ್ಟುತ್ತದೆ. ಆದರೆ ಅದು ಡೆಬಿಟ್ ಕಾರ್ಡ್ ಕೂಡ ಆಗಿರುವುದರಿಂದ ಅಂಗಡಿಯ ಮಿಷಿನ್ನಿಗೆ ಮುಟ್ಟಿಸಿದರೆ ಒಂದು ಸಲಕ್ಕೆ 5000ದವರೆಗೆ ಪಿನ್ ಇಲ್ಲದೆ ಹೋಗಬಹುದು. ಆ ಮಿತಿ 2021ರ ಜನವರಿಯಿಂದ ಇದೆ. ಅದು ಖಾತೆಯಿಂದ ಹೋಗುವ ದುಡ್ಡು. ಬ್ಲಾಕ್ ಮಾಡಿದರೆ ಅದು ನಿಲ್ಲುತ್ತದೆ.

ಹಾಗಾಗಿ ಸಿಗಬಹುದು ಅಂತ ಒಂದು ದಿನ ಕಾಯುವುದು ಬೇಡ. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡುವ ಸೌಲಭ್ಯ ಇರುತ್ತದೆ. ಮೊದಲು ಲಾಕ್ ಮಾಡಿ ಹುಡುಕಲಿ. ಸಿಕ್ಕರೆ ಬಿಡಿಸಿಕೊಳ್ಳಲಿ. ಇಲ್ಲದಿದ್ದರೆ ಪೂರ್ತಿ ಬ್ಲಾಕ್ ಮಾಡಿಸಲಿ. ಮುಟ್ಟಿಸಿ ಕೊಡುವ ಸೌಲಭ್ಯವೇ ಬೇಡ ಅಂದರೆ ಅದನ್ನು ಆ್ಯಪಿನಲ್ಲೇ ಆಫ್ ಮಾಡಿಡಬಹುದು.

ಕೋಟೆ ಬಾಗಿಲು

ಚಿತ್ರದುರ್ಗದಿಂದ. ನೀವೆಲ್ಲ ಒಂದು ಮುಖ್ಯ ಕೆಲಸ ಮರೆತಿದ್ದೀರಿ. ಪೊಲೀಸರ ಇ-ಲಾಸ್ಟ್‌ನಲ್ಲಿ ಮೊಬೈಲಿನಿಂದಲೇ ದೂರು ಕೊಡಿ, ಠಾಣೆಗೆ ಹೋಗಬೇಕಾಗಿಲ್ಲ. ಸ್ವೀಕೃತಿ ಬರುತ್ತದೆ. ಅದನ್ನು ಮೆಟ್ರೋ ಕೌಂಟರಿನಲ್ಲಿ ತೋರಿಸಿದರೆ ದುಡ್ಡು ಕೊಡಲೇಬೇಕು. ಸರ್ಕಾರಿ ಕಾಗದ ಇದ್ದರೆ ಇಲ್ಲ ಅನ್ನಲು ಆಗುವುದಿಲ್ಲ.

ಚಳ್ಳಕೆರೆ ಹುಡುಗ

ಇ-ಲಾಸ್ಟ್ ದೂರು ಕೊಡುವುದು ತಪ್ಪಲ್ಲ ಅಣ್ಣ. ಪೌಚಿನಲ್ಲಿ ಆಫೀಸಿನ ಗುರುತಿನ ಚೀಟಿ, ಲೈಸೆನ್ಸ್ ಏನಾದರೂ ಇದ್ದರೆ ಅವುಗಳ ನಕಲು ತೆಗೆಸಲು ಅದು ಬೇಕಾಗುತ್ತದೆ. ಆದರೆ ಮೆಟ್ರೋ ದುಡ್ಡಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಅದು ಕಳೆದಿದೆ ಅಂತ ನೀವು ಹೇಳಿದ್ದಕ್ಕೆ ದಾಖಲೆ ಅಷ್ಟೇ. ಚಿಪ್ಪಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಹಳೇ ಥರದ ಕಾರ್ಡ್ ಕಳೆದರಂತೂ ಅದು ಯಾರದ್ದು ಅಂತಲೇ ಎಲ್ಲೂ ಬರೆದಿರುವುದಿಲ್ಲ. ಕೌಂಟರಿನಲ್ಲಿ ದುಡ್ಡು ಕೊಟ್ಟು ಹಾಗೇ ತಗೊಂಡ ಕಾರ್ಡ್ ಅದು.

ಕೋಟೆ ಬಾಗಿಲು

ನನ್ನ ಸ್ನೇಹಿತನಿಗೆ ಕೊಟ್ಟಿದ್ದಾರೆ ಅಂತ ಕೇಳಿದ್ದೇನೆ. ಯಾವ ಕಾರ್ಡ್ ಅಂತ ಅವನನ್ನು ಕೇಳಿ ಹೇಳುತ್ತೇನೆ.

ಹರಿಹರ ಎಕ್ಸ್‌ಪ್ರೆಸ್

ನನ್ನ ಅನುಭವ ಹೇಳುತ್ತೇನೆ, ಸೀಳಿದ ಕಾರ್ಡಿಗೆ ಉಪಯೋಗ ಆಗಬಹುದು. ನಮ್ಮ ಪಿಜಿಯಲ್ಲಿ ಒಬ್ಬಳು ಕಾರ್ಡನ್ನು ಐಡಿ ಟ್ಯಾಗಿಗೆ ತಗುಲಿಸಲು ಪಂಚಿಂಗ್ ಮಿಷಿನ್ನಿನಲ್ಲಿ ಮೇಲಿನ ಅಂಚಿಗೆ ತೂತು ಹಾಕಿದಳು. ಚಿಪ್ಪಿಗೆ ತಗುಲಿಲ್ಲವಲ್ಲ ಅಂದುಕೊಂಡಳು. ಮರುದಿನ ಗೇಟ್ ಸತ್ತಂತೆ ನಿಂತಿತು. ಕೆಂಪು ದೀಪವೂ ಇಲ್ಲ, ಸದ್ದೂ ಇಲ್ಲ. ಏಕೆ ಹಾಗಾಯಿತು ಅಂತ ಅವತ್ತಿನಿಂದ ಯಾರಿಗೂ ಗೊತ್ತಿಲ್ಲ.

ಚಳ್ಳಕೆರೆ ಹುಡುಗ

ಹರಿಹರದವರೇ, ಕಾರ್ಡಿನ ಅಂಚಿನ ಉದ್ದಕ್ಕೂ ಒಳಗೆ ಸಣ್ಣ ತಂತಿ ಕೆಲವು ಸುತ್ತು ಸುತ್ತಿರುತ್ತದೆ. ಅದೇ ಆಂಟೆನಾ. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಗೇಟಿನಿಂದ ಬರುವ ಶಕ್ತಿಯನ್ನು ಆ ತಂತಿಯೇ ಹಿಡಿದು ಚಿಪ್ಪಿಗೆ ಕೊಡಬೇಕು. ಅಂಚಿಗೆ ತೂತು ಹಾಕಿದರೆ ತಂತಿ ತುಂಡಾಗುತ್ತದೆ. ಚಿಪ್ಪು ಚೆನ್ನಾಗಿಯೇ ಇದ್ದರೂ ಅದಕ್ಕೆ ಶಕ್ತಿ ಸಿಗುವುದಿಲ್ಲ. ಹಿಂದಿನ ಜೇಬಿನಲ್ಲಿ ಬಾಗಿದಾಗ ಆಗುವುದೂ ಅದೇ. ತಂತಿ ಚಿಪ್ಪಿಗೆ ಸೇರುವ ಜಾಗ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಕೆಲವು ಕಾರ್ಡ್ ಒತ್ತಿ ಹಿಡಿದರೆ ಒಂದು ಸಲ ಓದುತ್ತದೆ, ಇನ್ನೊಂದು ಸಲ ಇಲ್ಲ.

ನೀವು ಹೇಳಿದ ಲಕ್ಷಣ ಸರಿಯಾಗಿದೆ. ಗೇಟ್ ಏನಾದರೂ ಸಂದೇಶ ತೋರಿಸಿ ಬೇಡ ಅಂದರೆ ಕಾರ್ಡ್ ಬದುಕಿದೆ, ತೊಂದರೆ ಬ್ಯಾಲೆನ್ಸಿನದ್ದು, ಇಲ್ಲವೇ ಹಿಂದಿನ ಪ್ರಯಾಣದಲ್ಲಿ ಹೊರಗೆ ಹೋದದ್ದು ದಾಖಲಾಗಿಲ್ಲ. ಅದನ್ನು ಕಸ್ಟಮರ್ ಕೇರ್ ಕೌಂಟರಿನಲ್ಲಿ ಸರಿಮಾಡುತ್ತಾರೆ. ಗೇಟಿಗೆ ಕಾರ್ಡ್ ಬಂದದ್ದೇ ಗೊತ್ತಾಗದಿದ್ದರೆ ಕಾರ್ಡ್ ಸತ್ತಿದೆ.

ನಿಟುವಳ್ಳಿ ಅಕ್ಕ, ಇದನ್ನು ದಾವಣಗೆರೆಯಲ್ಲೇ ನೋಡಬಹುದು. ಎನ್‌ಎಫ್‌ಸಿ ಇರುವ ಮೊಬೈಲ್ ಯಾರದ್ದಾದರೂ ಇದ್ದರೆ ಎನ್‌ಎಫ್‌ಸಿ ಆನ್ ಮಾಡಿ ಅಪ್ಪನ ಕಾರ್ಡನ್ನು ಅದರ ಬೆನ್ನಿಗೆ ಹಿಡಿಯಿರಿ. ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಮೊದಲು ಒಂದು ಚೆನ್ನಾಗಿರುವ ಕಾರ್ಡ್ ಹಿಡಿದು ಮೊಬೈಲ್ ಹೇಗೆ ಸದ್ದು ಮಾಡುತ್ತದೆ ನೋಡಿಕೊಳ್ಳಿ. ಅಪ್ಪನ ಕಾರ್ಡಿಗೂ ಹಾಗೇ ಮಾಡಿದರೆ ಅದು ಬದುಕಿದೆ.

ನಿಟುವಳ್ಳಿಯವಳು

ಎಲ್ಲರಿಗೂ ತುಂಬಾ ಧನ್ಯವಾದ. ಪಕ್ಕದ ಮನೆ ಹುಡುಗನ ಮೊಬೈಲಿನಲ್ಲಿ ನೋಡಿದೆವು. ಅವನ ಬ್ಯಾಂಕ್ ಕಾರ್ಡ್ ಹಿಡಿದರೆ ಟಣ್ ಅನ್ನುತ್ತದೆ. ಅಪ್ಪನ ಕಾರ್ಡಿಗೆ ಏನೂ ಇಲ್ಲ. ಸೀಳು ಬಿಟ್ಟ ಮೂಲೆಯನ್ನು ಒತ್ತಿ ಹಿಡಿದರೂ ಇಲ್ಲ. ಬೆಳಕಿಗೆ ಹಿಡಿದು ನೋಡಿದರೆ ಸೀಳಿನ ಬಾಯಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ಎಳೆ ಹೊರಗೆ ಬಂದಿದೆ. ನೀವು ಹೇಳಿದ ತಂತಿ ಅದೇ ಇರಬೇಕು. ಕಾರ್ಡಿನ ನಂಬರ್ ಮಾತ್ರ ಚೆನ್ನಾಗಿ ಕಾಣುತ್ತಿದೆ.

ಕಾರ್ಡೇ ಓದದಿದ್ದರೆ ಒಳಗೆ ಎಷ್ಟಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?

ತಂಗಿಯ 420 ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ಯಾಂಕಿಗೆ ಎರಡು ಸಲ ಕೊಡುವ ಭಯ ಇದೆ ಅನ್ನುವುದು ಅರ್ಥವಾಯಿತು. ಆದರೆ ಕಾರ್ಡಿಗೆ ಒಂದು ಕೊನೆಯ ದಿನಾಂಕ ಇದೆಯಲ್ಲ. ಆ ದಿನ ಕಳೆದ ಮೇಲೂ ಯಾರೂ ಮುಟ್ಟದೆ ಉಳಿದ ದುಡ್ಡು ಅವಳದ್ದೇ ಅಲ್ವಾ? ಅವಳ ಹೆಸರು, ಮೊಬೈಲ್ ನಂಬರ್ ಎಲ್ಲ ಬ್ಯಾಂಕಿನಲ್ಲಿದೆ. ಅದನ್ನು ಯಾರೂ ಕೊಡುವುದಿಲ್ಲ ಅಂದರೆ ಸರಿ ಅನ್ನಿಸುವುದಿಲ್ಲ.

ಚಳ್ಳಕೆರೆ ಹುಡುಗ

ಅಪ್ಪನ ಕಾರ್ಡ್ ಓದದಿದ್ದರೂ ಲೆಕ್ಕ ಸಿಗುತ್ತದೆ ಅಕ್ಕ. ಪ್ರತಿ ಸಲ ಮುಟ್ಟಿಸಿದಾಗ ಗೇಟ್ ಒಂದು ದಾಖಲೆ ಬರೆದುಕೊಳ್ಳುತ್ತದೆ. ಯಾವ ನಂಬರಿನ ಕಾರ್ಡ್, ಎಷ್ಟು ಕಡಿತ, ಎಷ್ಟು ಉಳಿಯಿತು. ಅದು ನಿಲ್ದಾಣದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮುಖ್ಯ ಕಂಪ್ಯೂಟರಿಗೆ ಸೇರುತ್ತದೆ. ಕಾರ್ಡ್ ಸತ್ತರೂ ಅದರ ಕೊನೆಯ ದಾಖಲೆ ಅಲ್ಲಿರುತ್ತದೆ. ಅದಕ್ಕೇ ನಂಬರ್ ಕಾಣುವುದು ಮುಖ್ಯ. ಇವತ್ತೇ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಡಿ. ಸೀಳು ಇನ್ನೂ ಮುಂದೆ ಹೋಗಿ ನಂಬರ್ ಅಳಿಸಿದರೆ ಕಷ್ಟ.

ಕೌಂಟರಿನಲ್ಲಿ ಕೈಯಲ್ಲೇ ದುಡ್ಡು ಎಣಿಸಿ ಕೊಡುತ್ತಾರೆ ಅಂದುಕೊಳ್ಳಬೇಡಿ. ಲೆಕ್ಕ ತರಿಸಿ, ಉಳಿದದ್ದನ್ನು ಹೊಸ ಕಾರ್ಡಿಗೆ ಹಾಕುವುದು ದಾರಿ. ಅದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ತಗೊಳ್ಳಿ. ಕಾರ್ಡನ್ನು ಅವರಿಗೆ ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಚೀಟಿ ಒಂದೇ.

ಅಪ್ಪನೇ ಹೋಗಬೇಕು ಅಂತಿಲ್ಲ. ಕಾರ್ಡಿನ ಮೇಲೆ ಹೆಸರಿಲ್ಲ, ತಂದವರದ್ದೇ ಕಾರ್ಡ್. ತಂಗಿ ವಾಪಸ್ ಹೋಗುವಾಗ ತಗೊಂಡು ಹೋಗಿ ನಾಗಸಂದ್ರ ನಿಲ್ದಾಣದಲ್ಲೇ ಕೊಡಲಿ. ಬಾಗದ ಹಾಗೆ ಎರಡು ರಟ್ಟಿನ ಮಧ್ಯೆ ಇಟ್ಟು ಕಳಿಸಿ.

420ರ ಬಗ್ಗೆ ನೀವು ಕೇಳಿದ್ದು ನ್ಯಾಯವೇ. ನನ್ನ ಹತ್ತಿರ ಅದಕ್ಕೆ ಒಳ್ಳೆಯ ಉತ್ತರ ಇಲ್ಲ.

ಪಿಜೆ ಬಡಾವಣೆ

420ರ ವಿಷಯದಲ್ಲಿ ಮೊದಲು ಒಂದನ್ನು ನೋಡಬೇಕು ಮೇಡಂ. ತಂಗಿ ಕಾರ್ಡ್ ತಗೊಂಡಾಗ ಆಧಾರ್, ಪ್ಯಾನ್ ಏನಾದರೂ ಕೊಟ್ಟು ಕೆವೈಸಿ ಮಾಡಿಸಿದ್ದಾರಾ? ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ, ಪ್ರಯಾಣಕ್ಕೆ ಮಾತ್ರ ಬಳಸುವ ಪ್ರೀಪೇಡ್ ಕಾರ್ಡುಗಳನ್ನು ಕೆವೈಸಿ ಇಲ್ಲದೆ ಕೊಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಅಂಥ ಕಾರ್ಡಿನಲ್ಲಿ 3000ಕ್ಕಿಂತ ಜಾಸ್ತಿ ಇಡುವಂತಿಲ್ಲ. ನಗದು ತೆಗೆಯುವುದು, ವಾಪಸ್ ಪಡೆಯುವುದು, ಬೇರೆಯವರಿಗೆ ಕಳಿಸುವುದು ಯಾವುದೂ ಇಲ್ಲ. ಅವಳದ್ದು ಆ ಬಗೆಯದಾದರೆ ನಿಯಮವೇ ಅಡ್ಡ ಬರುತ್ತದೆ. ಕೆವೈಸಿ ಆಗಿದ್ದರೆ ಬ್ಯಾಂಕಿನ ಷರತ್ತುಗಳನ್ನು ಓದಿ ಕೇಳಬಹುದು.

500ಕ್ಕೆ ಹೀಗೆ ಮಾಡಿ. ಬ್ಲಾಕ್ ಆದದ್ದಕ್ಕೆ ಎಸ್ಸೆಮ್ಮೆಸ್ ಬಂದಿದೆಯಾ ನೋಡಿ. ಅದರಲ್ಲಿ ದೂರಿನ ನಂಬರ್, ಸಮಯ ಇರಬೇಕು. ಇಲ್ಲದಿದ್ದರೆ ಮತ್ತೆ ಫೋನ್ ಮಾಡಿ ಕೇಳಿ ಪಡೆಯಿರಿ. ಆಮೇಲೆ ಲಿಖಿತವಾಗಿ ಒಂದು ಇಮೇಲ್ ಹಾಕಿ. ಇಂಥ ದಿನ ಇಷ್ಟು ಗಂಟೆಗೆ 500 ಹಾಕಿದ್ದೇನೆ, ಕಾರ್ಡಿನ ಚಿಪ್ಪಿಗೆ ಇಳಿಸಿಲ್ಲ, ಇಷ್ಟು ಗಂಟೆಗೆ ಬ್ಲಾಕ್ ಮಾಡಿಸಿದ್ದೇನೆ, ಆ 500 ಅನ್ನು ಅದೇ ಮೊಬೈಲ್ ನಂಬರಿನ ಬದಲಿ ಕಾರ್ಡಿಗೆ ಹಾಕಿ ಅಂತ. ಯುಪಿಐ ವಹಿವಾಟಿನ ನಂಬರ್ ಜೊತೆಗೆ ಕೊಡಿ. "ನನ್ನ ಬ್ಯಾಲೆನ್ಸ್ ಕೊಡಿ" ಅಂತ ಮಾತ್ರ ಬರೆದರೆ ಅವರು ಚಿಪ್ಪಿನ ದುಡ್ಡು ಅಂದುಕೊಂಡು ಕಳೆದ ಕಾರ್ಡಿಗೆ ಕೊಡುವುದಿಲ್ಲ ಅಂತ ಉತ್ತರ ಕಳಿಸಿ ಮುಗಿಸುತ್ತಾರೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯುವುದೇ ಮುಖ್ಯ.

ಆಟೋ ಟಾಪ್‌ಅಪ್ ಇಟ್ಟಿದ್ದರೆ ಅದನ್ನೂ ನಿಲ್ಲಿಸಲಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡಿ. ಅಲ್ಲಿ ಮೋಸದವರ ನಂಬರುಗಳು ಇರುತ್ತವೆ. ಬ್ಯಾಂಕಿನ ಆ್ಯಪಿನಲ್ಲಿರುವ ನಂಬರ್ ಮಾತ್ರ ನಂಬಿ. ಇಲ್ಲವೇ ಸ್ನೇಹಿತೆಯರ ಹತ್ತಿರ ಅದೇ ಬ್ಯಾಂಕಿನ ಕಾರ್ಡ್ ಇದ್ದರೆ ಅದರ ಹಿಂದೆ ನೋಡಿ.

ಹರಿಹರ ಎಕ್ಸ್‌ಪ್ರೆಸ್

ಬ್ಯಾಂಕ್ ಉತ್ತರವನ್ನೇ ಕೊಡದಿದ್ದರೆ? ನಮ್ಮ ಪಿಜಿಯ ಇನ್ನೊಬ್ಬಳಿಗೆ ಹಾಗೇ ಆಗಿದೆ. ಪ್ರತಿ ಸಲ ಹೊಸ ದೂರಿನ ನಂಬರ್ ಕೊಡುತ್ತಾರೆ. ಕಳೆದದ್ದೂ ಅಲ್ಲ, ಅವಳ ಕಾರ್ಡ್ ಓದುವುದು ನಿಂತಿದೆ ಅಷ್ಟೇ. ಮೆಟ್ರೋ ಕೌಂಟರಿಗೆ ಹೋದರೆ ಬ್ಯಾಂಕಿಗೆ ಹೋಗಿ ಅನ್ನುತ್ತಾರೆ, ಬ್ಯಾಂಕಿನವರು ಮೆಟ್ರೋಗೆ ಹೋಗಿ ಅನ್ನುತ್ತಾರೆ. ಪಾಪ, ಅಳುವುದೊಂದು ಬಾಕಿ.

ಪಿಜೆ ಬಡಾವಣೆ

ಎನ್‌ಸಿಎಂಸಿ ಆದರೆ ಕಾರ್ಡ್ ಕೊಟ್ಟ ಬ್ಯಾಂಕೇ ಜವಾಬ್ದಾರಿ. ದೂರು ಲಿಖಿತವಾಗಿ ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. `cms.rbi.org.in` ತೆರೆದು ಅಲ್ಲೇ ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಅವಳು ಮೊದಲ ದೂರಿನ ನಂಬರ್ ಮತ್ತು ದಿನಾಂಕ ಇಟ್ಟುಕೊಳ್ಳಲಿ. 30 ದಿನ ಲೆಕ್ಕ ಹಾಕುವುದು ಅಲ್ಲಿಂದ.

ಅಪ್ಪನ ಹಳೇ ಕಾರ್ಡಿಗೆ ಈ ದಾರಿ ಇಲ್ಲ. ಅದು ಬ್ಯಾಂಕಿನ ಕಾರ್ಡೇ ಅಲ್ಲ, ಮೆಟ್ರೋದವರೇ ಕೊಟ್ಟದ್ದು, ಅಲ್ಲಿ ಮಾತ್ರ ನಡೆಯುವುದು. ಅದರ ದೂರು ಮೆಟ್ರೋ ನಿಗಮಕ್ಕೇ ಹೋಗಬೇಕು.

ಚಳ್ಳಕೆರೆ ಹುಡುಗ

ಹರಿಹರದವರ ಸ್ನೇಹಿತೆಗೆ ಒಂದು ಮಾತು. ಎನ್‌ಸಿಎಂಸಿ ಕಾರ್ಡಿನ ಮುಖದ ಮೇಲೆ ಹೊಳೆಯುವ ಚಿನ್ನದ ಬಣ್ಣದ ಚೌಕ ಇರುತ್ತದೆ. ಮಿಷಿನ್ನಿನೊಳಗೆ ತೂರಿಸಿದಾಗ ಅದರ ಮೂಲಕವೇ ಓದುವುದು. ಅಂಚಿನ ತಂತಿ ತುಂಡಾದರೂ ಆ ಚೌಕ ಕೆಲಸ ಮಾಡಬಹುದು. ಆದ್ದರಿಂದ ಮುಟ್ಟಿಸಿದರೆ ಓದದ ಕಾರ್ಡನ್ನು ತೂರಿಸಿ ಓದುವ ಯಂತ್ರದಲ್ಲಿ ಹಾಕಿ ನೋಡಿ ಅಂತ ಕೇಳಲಿ. ಅದರಲ್ಲಿ ಓದಿದರೆ ಚಿಪ್ಪು ಬದುಕಿದೆ ಅಂತ ಬ್ಯಾಂಕಿಗೆ ಬರೆದು ತಿಳಿಸಬಹುದು. ದೂರು ಗಟ್ಟಿಯಾಗುತ್ತದೆ. ಹಳೇ ಕಾರ್ಡಿನಲ್ಲಿ ಆ ಚೌಕ ಇಲ್ಲ, ಹಾಗಾಗಿ ಅಪ್ಪನದ್ದಕ್ಕೆ ಇದು ಆಗುವುದಿಲ್ಲ.

ಹೊಳಲ್ಕೆರೆ ಮೇಷ್ಟ್ರು

ಮಗನಿಗೆ ಹೇಳಿ ಮುಟ್ಟಿಸಿ ಕೊಡುವುದನ್ನು ಆಫ್ ಮಾಡಿಸಿದೆ. ಈಗ ಅವನು ಮೆಟ್ರೋ ಗೇಟ್ ತೆಗೆಯುತ್ತದಾ ಅಂತ ನನ್ನನ್ನೇ ಕೇಳುತ್ತಿದ್ದಾನೆ. ತೆಗೆಯುತ್ತದಾ?

ಪಿಜೆ ಬಡಾವಣೆ

ಮೇಷ್ಟ್ರೇ, ಗೇಟ್ ಬ್ಯಾಂಕನ್ನು ಕೇಳುವುದಿಲ್ಲವಾದ್ದರಿಂದ ಚಿಪ್ಪಿನಲ್ಲಿರುವ ದುಡ್ಡಿಗೆ ಅಡ್ಡಿ ಆಗಬಾರದು. ಆದರೆ ಕೆಲವು ಬ್ಯಾಂಕುಗಳ ಆ್ಯಪಿನಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿ ಇರಬಹುದು. ಅವನು ಒಂದು ಸಲ ಕೈಯಲ್ಲಿ ಟಿಕೆಟಿನ ದುಡ್ಡು ಇಟ್ಟುಕೊಂಡು ಹೋಗಿ ನೋಡಲಿ.

ಹಿರಿಯೂರು ಬಸ್‌ಸ್ಟಾಂಡ್

ನೂರು ರೂಪಾಯಿ ಹಾಕಿಸಿದೆ, ಗೇಟ್ ತೆಗೆಯಿತು. ಚಳ್ಳಕೆರೆ ತಮ್ಮನಿಗೆ ಧನ್ಯವಾದ. ಒಂದು ಪ್ರಶ್ನೆ. ಕಳೆದ ಕಾರ್ಡನ್ನು ಬ್ಲಾಕ್ ಮಾಡಿದರೆ ಗೇಟಿಗೂ ಅದು ಗೊತ್ತಾಗುತ್ತದಾ? ಗೊತ್ತಾದರೆ ಸಿಕ್ಕವನು ಚಿಪ್ಪಿನ ದುಡ್ಡನ್ನೂ ಉಪಯೋಗಿಸಲು ಆಗಬಾರದು ಅಲ್ವಾ?

ಚಳ್ಳಕೆರೆ ಹುಡುಗ

ಒಳ್ಳೆಯ ಪ್ರಶ್ನೆ ಅಣ್ಣ. ಇಂಥ ಕಾರ್ಡ್ ಬಂದರೆ ಬಿಡಬೇಡ ಅಂತ ನಂಬರುಗಳ ಕಪ್ಪುಪಟ್ಟಿಯನ್ನು ಗೇಟಿನೊಳಗೆ ಇಡಬಹುದು. ಗೇಟಿನಲ್ಲಿ ಅದಕ್ಕೆ ಜಾಗ ಇರುತ್ತದೆ. ಪಟ್ಟಿ ಬಂದ ಮೇಲೆ ಸಿಕ್ಕವನಿಗೆ ಗೇಟ್ ತೆಗೆಯುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಬ್ಲಾಕ್ ಆದ ನಂಬರ್ ಎಲ್ಲ ಗೇಟುಗಳ ಪಟ್ಟಿಗೆ ಸೇರುವವರೆಗೆ ಮಧ್ಯೆ ಒಂದು ಅಂತರ ಇದೆ. ಆ ಅಂತರದಲ್ಲಿ ಹೋದ ದುಡ್ಡಿಗೆ ಬ್ಯಾಂಕ್ ಹೊಣೆ ಹೊರುವುದಿಲ್ಲ.

ಪಿಜೆ ಬಡಾವಣೆ

ಹಾಗಾದರೆ ಪಟ್ಟಿಗೆ ಸೇರಿದ ಮೇಲೆ ಎರಡು ಸಲ ಕೊಡುವ ಭಯವೂ ಹೋಗುತ್ತದೆ. ಆಗಲಾದರೂ ಉಳಿದದ್ದನ್ನು ಕೊಡಬಹುದಲ್ಲ? ನಿಟುವಳ್ಳಿ ಮೇಡಂ ಕೇಳಿದ್ದೂ ಅದನ್ನೇ. ನಾನು ಇದರಲ್ಲಿ ಅವರ ಪರ.

ಚಳ್ಳಕೆರೆ ಹುಡುಗ

ಒಂದು ಮೆಟ್ರೋದ ಗೇಟುಗಳಲ್ಲಿ ಮಾತ್ರ ನಡೆಯುವ ಕಾರ್ಡಾದರೆ ಒಪ್ಪುತ್ತೇನೆ ಸರ್. ದೇಶದ ತುಂಬಾ ನಡೆಯುವ ಕಾರ್ಡಿಗೆ ಎಲ್ಲ ಊರಿನ ಎಲ್ಲ ಯಂತ್ರಕ್ಕೂ ಪಟ್ಟಿ ಮುಟ್ಟಿದೆ ಅಂತ ಯಾರು ಖಾತ್ರಿ ಕೊಡುತ್ತಾರೆ? ಆದರೂ ಕೊನೆಯ ದಿನಾಂಕ ಕಳೆದ ಮೇಲೆ ಕೊಡಬೇಕು ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ. ಕೇಳುವವರು ಜಾಸ್ತಿಯಾದರೆ ನಿಯಮ ಬದಲಾಗಬಹುದು.

ನಿಟುವಳ್ಳಿಯವಳು

ಸುದ್ದಿ ಹೇಳಲು ಬಂದೆ. ಪಿಜೆ ಬಡಾವಣೆ ಸರ್ ಹೇಳಿದ ಹಾಗೇ 500 ಮತ್ತು 420 ಬೇರೆ ಬೇರೆ ಮಾಡಿ ಇಮೇಲ್ ಹಾಕಿದೆವು. ಬದಲಿ ಕಾರ್ಡ್ ಬಂದಿದೆ, ಅದರ ಶುಲ್ಕ ನಾವೇ ಕೊಟ್ಟೆವು. ಆ್ಯಪಿನಲ್ಲಿ 500 ಕಾಣಿಸುತ್ತಿದೆ. ತಂಗಿ ನಾಗಸಂದ್ರದ ಕೌಂಟರಿನಲ್ಲಿ ಕೊಟ್ಟು ಚಿಪ್ಪಿಗೆ ಇಳಿಸಿಕೊಂಡಿದ್ದಾಳೆ. ಗೇಟಿನಲ್ಲಿ ಬ್ಯಾಲೆನ್ಸ್ ಸರಿಯಾಗಿ ತೋರಿಸಿತಂತೆ. 420ಕ್ಕೆ ಆಗುವುದಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂದಿದೆ. ಅವಳದ್ದು ಕೆವೈಸಿ ಆದ ಕಾರ್ಡ್. ಯಾವ ಷರತ್ತಿನ ಪ್ರಕಾರ ಕೊಡುವುದಿಲ್ಲ, ಕೊನೆಯ ದಿನಾಂಕ ಕಳೆದ ಮೇಲೂ ಇಲ್ಲವಾ ಅಂತ ಮತ್ತೆ ಬರೆದಿದ್ದೇವೆ.

ಅಪ್ಪನ ಕಾರ್ಡನ್ನು ಅವಳೇ ಕೊಟ್ಟಿದ್ದಾಳೆ. ನಂಬರ್ ನೋಡಿ ತಗೊಂಡರು, ಸ್ವೀಕೃತಿ ಕೊಟ್ಟಿದ್ದಾರೆ. ಎಷ್ಟು ಉಳಿದಿದೆ ಅಂತ ಇನ್ನೂ ತಿಳಿಸಿಲ್ಲ. ಅಪ್ಪ ಮುಂದಿನ ತಿಂಗಳು ಆಸ್ಪತ್ರೆಗೆ ಹೋಗಬೇಕು, ಅಷ್ಟರಲ್ಲಿ ಆದರೆ ಸಾಕು.

ಕೋಟೆ ಬಾಗಿಲು

ನನ್ನ ಸ್ನೇಹಿತನನ್ನು ಕೇಳಿದೆ. ಅವನ ಕಾರ್ಡ್ ಕಳೆದಿರಲಿಲ್ಲ, ಮುರಿದಿತ್ತು. ಮುರಿದ ಕಾರ್ಡ್ ಕೊಟ್ಟು ಹೊಸದಕ್ಕೆ ಹಾಕಿಸಿಕೊಂಡಿದ್ದಾನೆ. ಇ-ಲಾಸ್ಟ್ ದೂರು ಅವನು ಕೊಟ್ಟದ್ದು ಕಾರ್ಡಿಗಲ್ಲ, ಲೈಸೆನ್ಸಿಗೆ. ನಿಮ್ಮ ಅಪ್ಪನದ್ದೂ ಬರುತ್ತದೆ ಅಕ್ಕ. ಸ್ವೀಕೃತಿಯ ಫೋಟೋ ಅಪ್ಪನ ಮೊಬೈಲಿಗೂ ಕಳಿಸಿಡಿ. ಬೆಂಗಳೂರಿಗೆ ಹೋದಾಗ ಬಸ್ ಇಳಿದ ಹತ್ತಿರದ ನಿಲ್ದಾಣದಲ್ಲೇ ತೋರಿಸಿ ವಿಚಾರಿಸಬಹುದು.

ಹರಿಹರ ಎಕ್ಸ್‌ಪ್ರೆಸ್

ಪಿಜಿಯ ಹುಡುಗಿಯ ಕಾರ್ಡನ್ನು ಅಂಗಡಿಯ ಮಿಷಿನ್ನಿನಲ್ಲಿ ತೂರಿಸಿ ನೋಡಿದೆವು. ಪಿನ್ ಕೇಳಿತು. ಅಂದರೆ ಚಿಪ್ಪು ಬದುಕಿದೆ ಅಲ್ವಾ? ಅದನ್ನೇ ಬರೆದು ಹೊಸ ದೂರು ಹಾಕಬೇಕಾ, ಹಳೇ ದೂರಿನ ನಂಬರಿಗೇ ಸೇರಿಸಬೇಕಾ? ಹೊಸದು ಹಾಕಿದರೆ 30 ದಿನ ಮತ್ತೆ ಮೊದಲಿಂದ ಶುರುವಾಗುತ್ತದೆ ಅಂತ ಹೆದರುತ್ತಿದ್ದಾಳೆ.

ಪಿಜೆ ಬಡಾವಣೆ

ಹಳೇ ನಂಬರಿಗೇ ಸೇರಿಸಲಿ. ಮೊದಲ ಇಮೇಲಿಗೆ ರಿಪ್ಲೈ ಮಾಡಿ, ಮೇಲೆಯೇ ಹಳೇ ದೂರಿನ ನಂಬರ್ ಮತ್ತು ದಿನಾಂಕ ಬರೆಯಲಿ. ಫೋನಿನಲ್ಲಿ ಹೇಳಿದರೆ ಅವರು ಹೊಸ ನಂಬರ್ ಕೊಟ್ಟುಬಿಡುತ್ತಾರೆ.